ಮೊದಲ ಫೋನ್ ಯಾರಿಗೆ? ಎರಡು ಅಂಕಗಳನ್ನು ಕೂಡಿದ್ದೇ ಎಡವಟ್ಟು

ಪ್ರಶ್ನೆ: ಮೇಡಂ, ರಾಜಾಜಿನಗರದಲ್ಲಿ ನಮ್ಮದು 11 ಜನರ ಸಾಫ್ಟ್‌ವೇರ್ ಕಂಪನಿ. ಮೆಷಿನ್ ಶಾಪ್, ಪ್ರೆಸ್ ಶಾಪ್‌ಗಳಿಗೆ ಸ್ಟಾಕ್ ಮತ್ತು ಜಾಬ್ ವರ್ಕ್ ಲೆಕ್ಕ ಇಡೋ ಸಾಫ್ಟ್‌ವೇರ್ ಮಾರುತ್ತೇವೆ. ತಿಂಗಳಿಗೆ ಸುಮಾರು 200 ಎನ್‌ಕ್ವೈರಿ ಬರುತ್ತವೆ. ಫೋನ್ ಮಾಡೋರು ಇಬ್ಬರೇ. ಹೋದ ವರ್ಷ 60 ಸೇಲ್ ಆಯಿತು. ಇಂಟರ್‌ನೆಟ್‌ನಲ್ಲಿ ಸಿಕ್ಕ ಒಂದು ಟೆಂಪ್ಲೇಟ್ ನೋಡಿ ಎಲ್ಲರಿಗೂ ಅಂಕ ಕೊಟ್ಟೆವು: ಬ್ರೋಷರ್ ಇಳಿಸಿಕೊಂಡರೆ 10, ಮೇಲ್ ತೆರೆದರೆ 5, ಜಿಮೇಲ್ ವಿಳಾಸ ಇದ್ದರೆ 10 ಕಡಿತ. ಎಲ್ಲಾ ಕೂಡಿ ಜಾಸ್ತಿ ಅಂಕದವರಿಗೆ ಮೊದಲು ಫೋನ್. ಆದರೆ ಪಟ್ಟಿಯ ಮೇಲಿರೋರೇ ದಂಡ. ಹುಡುಗರು ಈಗ ಪಟ್ಟಿ ನೋಡೋದೇ ಬಿಟ್ಟಿದ್ದಾರೆ. ಅಂಕ ಹೇಗೆ ಕೊಡಬೇಕು? ಇದಕ್ಕೆ ದೊಡ್ಡ ಸಿಆರ್‌ಎಂ ಕೊಳ್ಳಬೇಕಾ?

ಉತ್ತರ: ಅಂಕ ಕೊಟ್ಟಿದ್ದು ತಪ್ಪಲ್ಲ, ಕೂಡಿದ್ದು ತಪ್ಪು. ನಿಮ್ಮ ಒಂದೇ ಮೊತ್ತದಲ್ಲಿ ಎರಡು ಬೇರೆ ಪ್ರಶ್ನೆಗಳು ಬೆರೆತುಹೋಗಿವೆ. ಈ ಗಿರಾಕಿಗೆ ನಮ್ಮ ಸಾಫ್ಟ್‌ವೇರ್ ಒಗ್ಗುತ್ತದಾ ಅನ್ನೋದು ಒಂದು. ಇವರು ಈಗ ಕೊಳ್ಳುವ ಮನಸ್ಸಿನಲ್ಲಿ ಇದ್ದಾರಾ ಅನ್ನೋದು ಇನ್ನೊಂದು. ಮಾರಾಟದವರು ಇವನ್ನು ಫಿಟ್, ಇಂಟೆಂಟ್ ಅನ್ನುತ್ತಾರೆ. ನಾನು ಹೊಂದಿಕೆ, ಇರಾದೆ ಅಂತ ಕರೆಯುತ್ತೇನೆ.

ಇಂಜಿನಿಯರಿಂಗ್ ಕೊನೆ ವರ್ಷದ ಹುಡುಗನನ್ನು ನೋಡಿ. ಪ್ರಾಜೆಕ್ಟ್‌ಗಾಗಿ ನಿಮ್ಮ ನಾಲ್ಕೂ ಬ್ರೋಷರ್ ಇಳಿಸಿಕೊಳ್ಳುತ್ತಾನೆ, ವೆಬಿನಾರ್‌ಗೆ ಬರುತ್ತಾನೆ, ಕಳಿಸಿದ ಮೇಲ್ ಎಲ್ಲಾ ತೆರೆಯುತ್ತಾನೆ. ಅಂಕ ಏರುತ್ತಲೇ ಹೋಗುತ್ತದೆ. ಪೀಣ್ಯದಲ್ಲಿ 60 ಜನರ ಪ್ರೆಸ್ ಶಾಪ್ ನಡೆಸುವ ಯಜಮಾನರು ಒಂದೇ ಒಂದು ಸಾಲು ಬರೆದು ಸುಮ್ಮನಾಗುತ್ತಾರೆ. ಅವರಿಗೆ ನಿಮ್ಮ ವೆಬ್‌ಸೈಟ್ ಸುತ್ತಾಡಲು ಪುರುಸೊತ್ತಿಲ್ಲ. ಕೂಡಿ ನೋಡಿದರೆ ಹುಡುಗ ಗೆಲ್ಲುತ್ತಾನೆ. ಹೊಂದಿಕೆ ಸೊನ್ನೆ ಇರುವಲ್ಲಿ ಇರಾದೆ ಎಷ್ಟಿದ್ದರೂ ಬಿಲ್ ಆಗುವುದಿಲ್ಲ. ಕೂಡುವ ಲೆಕ್ಕಕ್ಕೆ ಇದು ಅರ್ಥವಾಗುವುದಿಲ್ಲ. ಹಾಗಾಗಿ ಎರಡು ಅಂಕ, ಎರಡು ಕಾಲಂ. ಒಂದನ್ನು ಇನ್ನೊಂದಕ್ಕೆ ಸೇರಿಸಬೇಡಿ.

ಹೊಂದಿಕೆಯಿಂದ ಶುರು ಮಾಡೋಣ. ಇಲ್ಲಿ ಇನ್ನೊಬ್ಬರ ಟೆಂಪ್ಲೇಟ್ ನಡೆಯುವುದಿಲ್ಲ. ಜಿಮೇಲ್‌ಗೆ ಅಂಕ ಕಡಿಯುವುದು ಅಮೆರಿಕದ ದೊಡ್ಡ ಕಂಪನಿಗಳಿಗೆ ಮಾರುವವರ ಅಭ್ಯಾಸ. ನಮ್ಮಲ್ಲಿ ಕೋಟಿಗಟ್ಟಲೆ ವಹಿವಾಟಿನ ಫ್ಯಾಕ್ಟರಿಯ ವಿಸಿಟಿಂಗ್ ಕಾರ್ಡ್ ಮೇಲೂ ಜಿಮೇಲ್ ವಿಳಾಸವೇ ಇರುತ್ತದೆ, ಅಲ್ವಾ? ಯಾವ ಗುಣಕ್ಕೆ ಎಷ್ಟು ಅಂಕ ಅನ್ನೋದನ್ನು ನಿಮ್ಮ ಹಳೇ ದಾಖಲೆಯೇ ಹೇಳಬೇಕು.

ವರ್ಷದ 2,400 ಎನ್‌ಕ್ವೈರಿಗಳನ್ನೂ ಕೆದಕಬೇಕಾಗಿಲ್ಲ. ಕೊಂಡ 60 ಜನರನ್ನು ಪೂರ್ತಿ ತೆಗೆದುಕೊಳ್ಳಿ. ಕೊಳ್ಳದವರಲ್ಲಿ ಕಣ್ಣುಮುಚ್ಚಿ 150 ಜನರನ್ನು ಆರಿಸಿ. ಎಕ್ಸೆಲ್‌ನಲ್ಲಿ ಪ್ರತಿ ಸಾಲಿಗೂ `RAND()` ಹಾಕಿ, ಆ ಕಾಲಂ ಪ್ರಕಾರ ಜೋಡಿಸಿ, ಮೇಲಿನ 150 ತೆಗೆದರೆ ಆಯಿತು. ನೆನಪಿನಲ್ಲಿ ಉಳಿದವರನ್ನು ಆರಿಸಬೇಡಿ. ನೆನಪಿನಲ್ಲಿ ಉಳಿಯೋರು ಒಂದೋ ತುಂಬಾ ಕಾಡಿದವರು, ಇಲ್ಲಾ ಕೈಗೆ ಬಂದು ಜಾರಿದವರು. ಇಬ್ಬರಿಗೆ ಎರಡು ದಿನದ ಕೆಲಸ. ಅನೇಕರು ಕೊಂಡವರನ್ನು ಮಾತ್ರ ನೋಡಿ ಪಟ್ಟಿ ಮಾಡುತ್ತಾರೆ. ಕೊಂಡವರಲ್ಲಿ 100ಕ್ಕೆ 70 ಜನ ಬೆಂಗಳೂರಿನವರು ಅಂತ ಸಿಕ್ಕರೆ ಖುಷಿಯಾಗಿ ಅಂಕ ಕೊಡುತ್ತಾರೆ. ಕೊಳ್ಳದವರಲ್ಲೂ 70 ಜನ ಬೆಂಗಳೂರಿನವರೇ ಆಗಿದ್ದರೆ ಆ ಗುಣ ಏನನ್ನೂ ಹೇಳುತ್ತಿಲ್ಲ.

ಈಗ ಪ್ರತಿ ಗುಣಕ್ಕೂ ಒಂದು ಭಾಗಾಕಾರ. ನಿಮ್ಮ ದಾಖಲೆ ನನ್ನ ಬಳಿ ಇಲ್ಲ, ಹಾಗಾಗಿ ಕೆಳಗಿನ ಸಂಖ್ಯೆಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ಪ್ಲೇಟಿಂಗ್, ಹೀಟ್ ಟ್ರೀಟ್‌ಮೆಂಟ್ ಅಂತ ಮಾಲನ್ನು ಹೊರಗೆ ಜಾಬ್ ವರ್ಕ್‌ಗೆ ಕಳಿಸುವವರು ಕೊಂಡ 60ರಲ್ಲಿ 36 ಜನ, ಅಂದರೆ ಶೇ. 60. ಕೊಳ್ಳದ 150ರಲ್ಲಿ 36 ಜನ, ಅಂದರೆ ಶೇ. 24. 60ನ್ನು 24ರಿಂದ ಭಾಗಿಸಿದರೆ ಎರಡೂವರೆ. ಇದು ಗಟ್ಟಿ ಗುರುತು. ಮಾಲೀಕರೋ ಪ್ಲಾಂಟ್ ಮ್ಯಾನೇಜರೋ ತಾವೇ ಕೇಳಿದ್ದು ಕೊಂಡವರಲ್ಲಿ ಶೇ. 55, ಕೊಳ್ಳದವರಲ್ಲಿ ಶೇ. 37. ಭಾಗಿಸಿದರೆ ಒಂದೂವರೆ, ಪರವಾಗಿಲ್ಲ. ಜಿಮೇಲ್ ಕೊಂಡವರಲ್ಲಿ ಶೇ. 72, ಕೊಳ್ಳದವರಲ್ಲಿ ಶೇ. 70. ಹೆಚ್ಚುಕಮ್ಮಿ ಒಂದು. ಕೂಡುವುದೂ ಬೇಡ, ಕಡಿಯುವುದೂ ಬೇಡ. ಏನನ್ನೂ ತಯಾರಿಸದೆ ಬರೀ ಕೊಂಡು ಮಾರುವ ವ್ಯಾಪಾರಿಗಳು ಕೊಂಡವರಲ್ಲಿ ಶೇ. 5, ಕೊಳ್ಳದವರಲ್ಲಿ ಶೇ. 30. ಆರನೇ ಒಂದು ಭಾಗ. ಇಲ್ಲಿ ಕಡಿಯಬೇಕು.

ಅಂಕವನ್ನು ಒರಟಾಗಿಯೇ ಇಡಿ. ಎರಡು ಪಟ್ಟು ದಾಟಿದರೆ 2, ಒಂದೂವರೆ ಆಸುಪಾಸಿದ್ದರೆ 1, ಒಂದರ ಹತ್ತಿರ ಇದ್ದರೆ 0. ಅರ್ಧಕ್ಕಿಂತ ತುಂಬಾ ಕೆಳಗಿದ್ದರೆ 3 ಕಳೆಯಿರಿ. 60 ಸೇಲ್ ಇಟ್ಟುಕೊಂಡು 7.35 ಅಂತ ದಶಾಂಶದ ಅಂಕ ಕೊಡುವುದು ತಮಾಷೆ. 60ರಲ್ಲಿ 3 ಅಂತ ಇದ್ದದ್ದು ಮುಂದಿನ ವರ್ಷ 6 ಆಗಬಹುದು. ಇದೇ ಕಾರಣಕ್ಕೆ ನಾಲ್ಕೈದು ಗುಣ ಸಾಕು. 20 ಗುಣ ಹುಡುಕಿದರೆ ಅದರಲ್ಲಿ ಒಂದೆರಡು ಬರೀ ಅದೃಷ್ಟದಿಂದಲೇ ಗಟ್ಟಿಯಾಗಿ ಕಾಣುತ್ತವೆ.

ಗಿರಾಕಿಯ ಗಾತ್ರ ತಿಳಿಯಲು ಎಷ್ಟು ಜನ ಕೆಲಸಗಾರರು ಅಂತ ಫಾರಂನಲ್ಲಿ ಕೇಳುತ್ತಿದ್ದರೆ, ಬರುವ ಉತ್ತರ ಅಂದಾಜಿನದು. ನಮಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ: ಜಿಎಸ್‌ಟಿ ನಂಬರ್. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯ. ಕರ್ನಾಟಕ 29, ತಮಿಳುನಾಡು 33. ಮುಂದಿನ 10 ಅಕ್ಷರ ಪ್ಯಾನ್. ಪ್ಯಾನ್‌ನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯದು, ಒಡೆತನ ಹೇಳುತ್ತದೆ. `C` ಇದ್ದರೆ ಕಂಪನಿ, `F` ಇದ್ದರೆ ಪಾಲುದಾರಿಕೆ, `P` ಇದ್ದರೆ ಒಬ್ಬರದೇ ಹೆಸರಿನ ವ್ಯಾಪಾರ. ನಂಬರ್ A2ನಲ್ಲಿದ್ದರೆ ಹೀಗೆ ತೆಗೆಯಬಹುದು:

```
=LEFT(A2,2)
=MID(A2,6,1)
```

ಒಡೆತನವೇ ಗಾತ್ರ ಅಲ್ಲ. `P` ಇದ್ದವರಲ್ಲೂ ದೊಡ್ಡ ಕುಳಗಳಿವೆ. ಗಾತ್ರಕ್ಕೆ ಇ-ಇನ್‌ವಾಯ್ಸ್ ನೋಡಿ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು 5 ಕೋಟಿ ದಾಟಿದವರು ಬೇರೆ ವ್ಯಾಪಾರಗಳಿಗೆ ಇ-ಇನ್‌ವಾಯ್ಸ್ ಕೊಡಲೇಬೇಕು. ಸರ್ಕಾರದ ಇ-ಇನ್‌ವಾಯ್ಸ್ ಪೋರ್ಟಲ್‌ನಲ್ಲಿ ಯಾವುದೇ ಜಿಎಸ್‌ಟಿ ನಂಬರ್ ಹಾಕಿ, ಅದಕ್ಕೆ ಇ-ಇನ್‌ವಾಯ್ಸ್ ಶುರುವಾಗಿದೆಯಾ ಅಂತ ಯಾರು ಬೇಕಾದರೂ ನೋಡಬಹುದು. ಒಂದು ನಿಮಿಷದ ಕೆಲಸ. 2017-18ರಿಂದ ಈಚೆಗೆ ಯಾವುದೇ ಒಂದು ವರ್ಷ ಮಿತಿ ದಾಟಿದ್ದರೂ ಸಾಕು ಅನ್ನೋದು ನಿಯಮ. ಹಾಗಾಗಿ ಈಗ ಸೊರಗಿದ ಫ್ಯಾಕ್ಟರಿಯೂ ಅಲ್ಲಿ ಕಾಣುತ್ತದೆ. ಆದರೂ ಅಂದಾಜಿನ ಕೆಲಸಗಾರರ ಸಂಖ್ಯೆಗಿಂತ ಇದು ವಾಸಿ. ಇದನ್ನೂ ಮೇಲಿನಂತೆಯೇ ಭಾಗಿಸಿ ನೋಡಿ. ಕೊಂಡವರಲ್ಲಿ ಶೇ. 42, ಕೊಳ್ಳದವರಲ್ಲಿ ಶೇ. 20 ಅಂತ ಬಂತು ಅನ್ನಿ, ಎರಡು ಪಟ್ಟು ದಾಟಿತು, 2 ಅಂಕ.

ಒಂದು ಎಚ್ಚರಿಕೆ ಮಾತ್ರ ಬೇಕು. ಜಾಬ್ ವರ್ಕ್‌ಗೆ ಕಳಿಸುವವರೇ 5 ಕೋಟಿ ದಾಟಿದವರೂ ಆಗಿದ್ದರೆ ಒಂದೇ ಗುಣಕ್ಕೆ ಎರಡು ಸಲ ಅಂಕ ಬೀಳುತ್ತದೆ. ಜಾಬ್ ವರ್ಕ್ ಇರುವವರನ್ನು ಮಾತ್ರ ಇಟ್ಟುಕೊಂಡು, ಅವರೊಳಗೆ ಇ-ಇನ್‌ವಾಯ್ಸ್ ಲೆಕ್ಕವನ್ನು ಇನ್ನೊಮ್ಮೆ ಭಾಗಿಸಿ. ಆಗಲೂ ಒಂದೂವರೆಗಿಂತ ಮೇಲಿದ್ದರೆ ಎರಡನ್ನೂ ಇಡಿ. ಒಂದಕ್ಕೆ ಇಳಿದರೆ ಒಂದನ್ನು ಬಿಡಿ.

ಈ ಹಂತದಲ್ಲಿ ನಾನೇ ಬಿದ್ದ ಗುಂಡಿಯೊಂದಿದೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ಎಷ್ಟು ಜನ ಸಾಫ್ಟ್‌ವೇರ್ ಬಳಸುತ್ತಾರೆ ಎಂಬ ಖಾನೆ ತುಂಬಿದ್ದವರು ಭಾರೀ ಚೆನ್ನಾಗಿ ಕೊಳ್ಳುತ್ತಿದ್ದರು. ಅದಕ್ಕೆ ಎಲ್ಲಕ್ಕಿಂತ ಜಾಸ್ತಿ ಅಂಕ ಕೊಟ್ಟೆವು. ಮೂರು ತಿಂಗಳು ಪಟ್ಟಿ ಕೆಲಸಕ್ಕೇ ಬರಲಿಲ್ಲ. ಆಮೇಲೆ ನೋಡಿದರೆ ಆ ಖಾನೆಯನ್ನು ಗಿರಾಕಿ ತುಂಬುತ್ತಲೇ ಇರಲಿಲ್ಲ. ಡೆಮೊ ಮುಗಿದು ಕೊಟೇಶನ್ ಬರೆಯುವಾಗ ನಮ್ಮ ಹುಡುಗರು ತುಂಬುತ್ತಿದ್ದರು! ಕೊಟೇಶನ್ ತನಕ ಬಂದವರು ಚೆನ್ನಾಗಿ ಕೊಳ್ಳುತ್ತಾರೆ ಅನ್ನೋದನ್ನು ಕಂಡುಹಿಡಿಯಲು ನಾವು ಅಷ್ಟು ಕಷ್ಟಪಟ್ಟಿದ್ದೆವು. ಎನ್‌ಕ್ವೈರಿ ಬಂದ ಆ ಹೊತ್ತಿಗೆ ಏನು ಗೊತ್ತಿತ್ತೋ ಅದಕ್ಕೆ ಮಾತ್ರ ಅಂಕ. ನಿಮ್ಮ ಜಾಬ್ ವರ್ಕ್ ಮಾಹಿತಿ ಈಗ ಫೋನ್ ಮಾಡಿದ ಮೇಲೆ ಸಿಗುತ್ತಿದ್ದರೆ, ಅದನ್ನು ಫಾರಂಗೆ ತನ್ನಿ: “ಮಾಲನ್ನು ಹೊರಗೆ ಜಾಬ್ ವರ್ಕ್‌ಗೆ ಕಳಿಸುತ್ತೀರಾ?” ಹೌದು, ಇಲ್ಲ. ಅಷ್ಟೇ.

ಇನ್ನು ಇರಾದೆ. ಹೊಂದಿಕೆ ಕಲ್ಲಿನಂಥದ್ದು, ಆರು ತಿಂಗಳಾದರೂ ಹೆಚ್ಚು ಬದಲಾಗದು. ಇರಾದೆ ಹಾಲಿನಂತೆ, ಇಟ್ಟಷ್ಟೂ ಕೆಡುತ್ತದೆ. ನಿಮ್ಮ ಟೆಂಪ್ಲೇಟ್‌ನಲ್ಲಿ ಜನವರಿಯಲ್ಲಿ ಇಳಿಸಿಕೊಂಡ ಬ್ರೋಷರ್‌ನ 10 ಅಂಕ ಜೂನ್‌ನಲ್ಲೂ 10 ಆಗಿಯೇ ಕೂತಿರುತ್ತದೆ. ಪಟ್ಟಿಯ ಮೇಲಿರೋರು ದಂಡ ಅನ್ನಿಸಲು ಅರ್ಧ ಕಾರಣ ಇದೇ. ಅವರು ಹಳಬರು, ಅಷ್ಟೇ.

ಯಾವ ಕೆಲಸ ಇರಾದೆಯನ್ನು ತೋರಿಸುತ್ತದೆ? ಮೇಲ್ ತೆರೆದಿದ್ದಕ್ಕೆ ಅಂಕ ಬೇಡವೇ ಬೇಡ. 2021ರ ಸೆಪ್ಟೆಂಬರ್‌ನಿಂದ ಆಪಲ್‌ನ ಮೇಲ್ ಆ್ಯಪ್, ಬಳಕೆದಾರರು ಒಪ್ಪಿಕೊಂಡಿದ್ದರೆ, ಮೇಲ್ ಓದುವ ಮುನ್ನವೇ ಚಿತ್ರಗಳನ್ನು ತಾನೇ ಇಳಿಸಿಕೊಳ್ಳುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ತೆರೆದಂತೆ ಕಾಣುತ್ತದೆ. ಕೆಲವು ಕಂಪನಿಗಳ ಭದ್ರತಾ ಸಾಫ್ಟ್‌ವೇರ್ ಮೇಲ್‌ನಲ್ಲಿರುವ ಲಿಂಕನ್ನೂ ತಾನೇ ಒತ್ತಿ ನೋಡುತ್ತದೆ. ಬ್ರೋಷರ್‌ಗೆ 1 ಅಂಕ. ವೆಬಿನಾರ್‌ಗೆ 3. ವಾರದೊಳಗೆ ಬೆಲೆಯ ಪುಟಕ್ಕೆ ಎರಡನೇ ಸಲ ಬಂದರೆ 5. ಡೆಮೊ ಕೇಳಿದರೆ 10.

ಇದೆಲ್ಲದರ ಜೊತೆ ನಾನು ಹೆಚ್ಚು ನಂಬುವುದು ಗಿರಾಕಿ ತನ್ನ ಮಾತಿನಲ್ಲಿ ಬರೆದ ಪ್ರಶ್ನೆಯನ್ನು. “ಡೀಟೇಲ್ಸ್ ಕಳಿಸಿ” ಅನ್ನೋದು ಬೇರೆ. “ಪ್ಲೇಟಿಂಗ್‌ಗೆ ಕಳಿಸಿದ್ದು ಎಷ್ಟು ವಾಪಸ್ ಬಂತು, ಎಷ್ಟು ರಿಜೆಕ್ಟ್ ಆಯಿತು ಅಂತ ತೋರಿಸುತ್ತದಾ?” ಅನ್ನೋದು ಬೇರೆ. ಟ್ಯಾಲಿಯಲ್ಲಿರುವ ಸ್ಟಾಕ್ ತರಬಹುದಾ, ನಾಲ್ಕು ಜನ ಬಳಸಿದರೆ ಎಷ್ಟು, ಐಟಿಸಿ-04ಗೆ ಬೇಕಾದ ಪಟ್ಟಿ ಬರುತ್ತದಾ, ಇಂಥ ಪ್ರಶ್ನೆ ಬಂದರೆ 8 ಅಂಕ ಕೊಡಿ. ಐಟಿಸಿ-04 ಬಗ್ಗೆ ಕೇಳುವವರು ಏಪ್ರಿಲ್, ಅಕ್ಟೋಬರ್‌ನಲ್ಲಿ ಜಾಸ್ತಿಯಾದರೆ ಆಶ್ಚರ್ಯ ಪಡಬೇಡಿ. ಜಾಬ್ ವರ್ಕ್‌ಗೆ ಕಳಿಸಿದ ಮಾಲಿನ ವಿವರ ಸಲ್ಲಿಸುವ ಕೊನೆಯ ದಿನ ಆ ತಿಂಗಳುಗಳ 25. 5 ಕೋಟಿ ದಾಟಿದವರಿಗೆ ವರ್ಷಕ್ಕೆ ಎರಡು ಸಲ, ಉಳಿದವರಿಗೆ ಏಪ್ರಿಲ್‌ನಲ್ಲಿ ಒಂದು ಸಲ. ಫಾರಂನಲ್ಲಿ ಹತ್ತು ಆಯ್ಕೆಗಳ ಪಟ್ಟಿ ತೆಗೆದುಹಾಕಿ, “ಈಗ ಯಾವ ಲೆಕ್ಕ ತಲೆನೋವಾಗಿದೆ?” ಅಂತ ಒಂದು ಖಾಲಿ ಜಾಗ ಬಿಡಿ. ಬಂದದ್ದನ್ನು ಮನುಷ್ಯರೇ ಓದಿ ಅಂಕ ಹಾಕಲಿ. ದಿನಕ್ಕೆ ಹತ್ತು ಎನ್‌ಕ್ವೈರಿ ಓದಲು ಎಷ್ಟು ಹೊತ್ತು ಬೇಕು?

ಕರಗುವ ಲೆಕ್ಕ ಸುಲಭ. ಒಂದು ಶೀಟ್‌ನಲ್ಲಿ ಪ್ರತಿ ಚಟುವಟಿಕೆಗೂ ಒಂದು ಸಾಲು: A ಕಾಲಂನಲ್ಲಿ ಗಿರಾಕಿಯ ಮೊಬೈಲ್ ನಂಬರ್, Bಯಲ್ಲಿ ಅಂಕ, Cಯಲ್ಲಿ ತಾರೀಕು. D ಕಾಲಂನಲ್ಲಿ ಇದನ್ನು ಹಾಕಿ:

```
=B2*0.5^((TODAY()-C2)/7)
```

ಏಳು ದಿನಕ್ಕೆ ಅಂಕ ಅರ್ಧ ಆಗುತ್ತದೆ, 14 ದಿನಕ್ಕೆ ಕಾಲು. ಡೆಮೊ ಕೇಳಿದ 10 ಅಂಕ ಎರಡು ವಾರ ಬಿಟ್ಟು ನೋಡಿದರೆ ಎರಡೂವರೆ. ಗಿರಾಕಿಯ ಒಟ್ಟು ಇರಾದೆ ಬೇಕಾದರೆ ಅದೇ ಮೊಬೈಲ್ ನಂಬರಿನ D ಕಾಲಂ ಅನ್ನು `SUMIFS` ಇಂದ ಕೂಡಿ. ಇಲ್ಲಿ ಕೂಡಬಹುದು, ಎಲ್ಲವೂ ಒಂದೇ ಜಾತಿಯ ಅಂಕ. ಏಳೇ ಯಾಕೆ ಅಂದರೆ, ನಿಮ್ಮಂಥ ಸಣ್ಣ ಬೆಲೆಯ ಸಾಫ್ಟ್‌ವೇರ್‌ಗೆ ಅದು ಶುರು ಮಾಡಲು ಸರಿಯಾದ ಊಹೆ. ಕೊಂಡ 60 ಜನರು ಎನ್‌ಕ್ವೈರಿ ಮಾಡಿ ಎಷ್ಟು ದಿನಕ್ಕೆ ಡೆಮೊಗೆ ಕೂತರು ನೋಡಿ. ಅರ್ಧದಷ್ಟು ಜನ 20 ದಿನದ ನಂತರ ಕೂತಿದ್ದರೆ 7ರ ಬದಲು 20 ಹಾಕಿ.

ಈಗ ಎರಡೂ ಕಾಲಂ ಅಕ್ಕಪಕ್ಕ ಇಡಿ. ಹೊಂದಿಕೆ 4 ಮತ್ತು ಮೇಲೆ ಇದ್ದರೆ ಎ, 2 ಅಥವಾ 3 ಇದ್ದರೆ ಬಿ, ಅದಕ್ಕಿಂತ ಕಡಿಮೆ ಸಿ. ಇರಾದೆ 6 ದಾಟಿದರೆ ಬಿಸಿ, ಇಲ್ಲದಿದ್ದರೆ ತಣ್ಣಗೆ. ವಿದ್ಯಾರ್ಥಿ, ಕೆಲಸ ಕೇಳುವವರು, ನಿಮ್ಮಂಥದ್ದೇ ಸಾಫ್ಟ್‌ವೇರ್ ಮಾರುವವರು, ಇವರಿಗೆ ಅಂಕ ಹಾಕುವ ಗೋಜೇ ಬೇಡ, ಮೊದಲೇ ತೆಗೆದುಬಿಡಿ.

ಒಂದು ಮಂಗಳವಾರ ಬೆಳಗ್ಗೆ ನಾಲ್ಕು ಎನ್‌ಕ್ವೈರಿ ಇವೆ ಅಂತ ಇಟ್ಟುಕೊಳ್ಳಿ. ಮೊದಲನೆಯದು ಪೀಣ್ಯದ ಪ್ರೆಸ್ ಶಾಪ್. ಜಾಬ್ ವರ್ಕ್ ಇದೆ, ಇ-ಇನ್‌ವಾಯ್ಸ್ ಇದೆ, ಕೇಳಿದ್ದು ಅಕೌಂಟೆಂಟ್. ಹೊಂದಿಕೆ 4, ಎ. ನಿನ್ನೆ ಪ್ಲೇಟಿಂಗ್ ಪ್ರಶ್ನೆ ಬರೆದಿದ್ದಾರೆ, 8 ಅಂಕ ಒಂದು ದಿನಕ್ಕೆ ಕರಗಿ 7.2, ಬಿಸಿ. ಎರಡನೆಯದು ಚಿಕ್ಕಪೇಟೆಯ ಹಾರ್ಡ್‌ವೇರ್ ವ್ಯಾಪಾರಿ. ವೆಬಿನಾರ್‌ಗೆ ಬಂದಿದ್ದಾರೆ, ಬೆಲೆಯ ಪುಟಕ್ಕೆ ಎರಡು ಸಲ ಬಂದಿದ್ದಾರೆ, ಇವತ್ತು ಡೆಮೊ ಕೇಳಿದ್ದಾರೆ. ಎಲ್ಲವೂ ಇವತ್ತೇ ಆದದ್ದು, ಇರಾದೆ 18. ಆದರೆ ತಯಾರಿಕೆ ಇಲ್ಲ. ಮಾಲೀಕರೇ ಕೇಳಿದ್ದಕ್ಕೆ 1 ಸಿಕ್ಕರೂ 3 ಕಳೆದು ಹೊಂದಿಕೆ ಸೊನ್ನೆಗಿಂತ ಕೆಳಗೆ, ಸಿ. ಮೂರನೆಯದು ಬೆಳಗಾವಿಯ ಫೌಂಡ್ರಿ. ಮೆಷಿನಿಂಗ್ ಹೊರಗೆ ಮಾಡಿಸುತ್ತಾರೆ, ಇ-ಇನ್‌ವಾಯ್ಸ್ ಇಲ್ಲ, ಪ್ಲಾಂಟ್ ಮ್ಯಾನೇಜರ್ ಕೇಳಿದ್ದಾರೆ. ಹೊಂದಿಕೆ 3, ಬಿ. ನಾಲ್ಕು ಜನಕ್ಕೆ ಎಷ್ಟಾಗುತ್ತದೆ ಅಂತ ಇವತ್ತು ಕೇಳಿದ್ದಾರೆ, 8. ನಾಲ್ಕನೆಯದು ಹೊಸೂರಿನ ಘಟಕ. ಹೊಂದಿಕೆ ಪೂರ್ತಿ 5, ಎ. ಆದರೆ ಡೆಮೊ ಕೇಳಿ ಮೂರು ವಾರ ಆಯಿತು, ಯಾರೂ ಫೋನ್ ಮಾಡಿಲ್ಲ. ಇರಾದೆ 1.25ಕ್ಕೆ ಇಳಿದಿದೆ.

ಎರಡೂ ಅಂಕ ಕೂಡಿದ್ದರೆ ಚಿಕ್ಕಪೇಟೆ 16 ಪಡೆದು ಮೊದಲು ಬರುತ್ತಿತ್ತು. ಪೀಣ್ಯಕ್ಕೆ 11.2. ನನ್ನ ಕ್ರಮದಲ್ಲಿ ಪೀಣ್ಯಕ್ಕೆ ಮೊದಲ ಫೋನ್, ಅದರ ಹಿಂದೆಯೇ ಬೆಳಗಾವಿ. ಬಿಸಿಯಾದ ಬಿ, ತಣ್ಣಗಿರುವ ಎಗಿಂತ ಮುಂದೆ ಹೋಗುವುದು ಯಾಕೆ ಅಂತ ನೀವು ಕೇಳಬಹುದು. ಹೊಸೂರಿನವರು ಮಧ್ಯಾಹ್ನವೂ ಹೀಗೇ ಇರುತ್ತಾರೆ. ಬೆಳಗಾವಿಯವರು ಅಷ್ಟರಲ್ಲಿ ಬೇರೆ ಇಬ್ಬರ ಜೊತೆ ಮಾತಾಡಿರುತ್ತಾರೆ. ಅಮೆರಿಕದ ಕಂಪನಿಗಳ ಮೇಲೆ ನಡೆದು 2011ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬಂದ ಅಧ್ಯಯನದಲ್ಲಿ, ಒಂದು ಗಂಟೆಯೊಳಗೆ ಸಂಪರ್ಕಿಸಲು ನೋಡಿದವರಿಗೆ, ಇನ್ನೊಂದು ಗಂಟೆ ತಡ ಮಾಡಿದವರಿಗಿಂತ ಸುಮಾರು ಏಳು ಪಟ್ಟು ಹೆಚ್ಚಾಗಿ ಉಪಯೋಗದ ಮಾತುಕತೆ ದಕ್ಕಿತ್ತು. ನಮ್ಮೂರಿಗೆ ಏಳೇ ಆಗಬೇಕಿಲ್ಲ, ಗಾಳಿ ಬೀಸುವ ದಿಕ್ಕು ಅದೇ. ಬಿಸಿಯಾದ ಎ, ಬಿಗಳಿಗೆ ಗಂಟೆಯೊಳಗೆ ಫೋನ್. ತಣ್ಣಗಿರುವ ಎಗಳಿಗೆ ಮಧ್ಯಾಹ್ನ ಮೂರರಿಂದ ನಾಲ್ಕು ಅಂತ ಒಂದು ಗಂಟೆ ಮೀಸಲಿಡಿ. ಚಿಕ್ಕಪೇಟೆಯವರಿಗೆ ಬೆಲೆ ಮತ್ತು ಎರಡು ನಿಮಿಷದ ವೀಡಿಯೊ ವಾಟ್ಸಾಪ್‌ನಲ್ಲಿ ಕಳಿಸಿ. ಅವರು ತಿರುಗಿ ಬರೆದರೆ ಮಾತಾಡಿ. ತಣ್ಣಗಿರುವ ಬಿ, ಸಿಗಳಿಗೆ ಈ ವಾರ ಏನೂ ಬೇಡ.

ವೆಬ್‌ಸೈಟ್ ಬಿಟ್ಟು ಬೇರೆ ಕಡೆಯಿಂದ ಬಂದವರಿಗೆ ಈ ಲೆಕ್ಕ ಅನ್ಯಾಯ ಮಾಡುತ್ತದೆ. ನೇರ ಫೋನ್ ಮಾಡಿದವರು ಬೆಲೆಯ ಪುಟ ನೋಡಿಲ್ಲ, ಬ್ರೋಷರ್ ಇಳಿಸಿಲ್ಲ. ಅವರ ಇರಾದೆ ಸೊನ್ನೆ ಅಂತ ಬರುತ್ತದೆ, ನಿಜದಲ್ಲಿ ಅವರೇ ಎಲ್ಲರಿಗಿಂತ ಬಿಸಿ. ಮಿಸ್ಡ್ ಕಾಲ್, ವಾಟ್ಸಾಪ್, ಹಳೇ ಗಿರಾಕಿ ಹೇಳಿ ಕಳಿಸಿದವರು, ಇವರಿಗೆ ಬಂದ ಕೂಡಲೇ 10 ಹಾಕಿಬಿಡಿ. ಇಂಡಿಯಾಮಾರ್ಟ್‌ನಂಥ ಕಡೆ ಕೊಂಡ ಲೀಡ್ ಬೇರೆ ಮಾರಾಟಗಾರರ ಕೈಗೂ ಹೋಗಿರುತ್ತದೆ. ಅಲ್ಲಿ ಇರಾದೆಯ ಲೆಕ್ಕ ಬಿಟ್ಟು ಹೊಂದಿಕೆ ಮಾತ್ರ ನೋಡಿ, ಎ ಮತ್ತು ಬಿ ಆದರೆ ತಕ್ಷಣ ಫೋನ್ ಮಾಡಿ.

ನಿಮ್ಮ ಹುಡುಗರು ಪಟ್ಟಿ ನೋಡೋದು ಬಿಟ್ಟಿದ್ದಕ್ಕೆ ಅವರನ್ನು ದೂರುವ ಹಾಗಿಲ್ಲ. 87 ಅನ್ನೋ ಸಂಖ್ಯೆ ಅವರಿಗೆ ಏನು ಹೇಳುತ್ತದೆ? ಅಂಕದ ಬದಲು ಕಾರಣ ಬರೆಯಿರಿ: “ಎ, ಬಿಸಿ. ಜಾಬ್ ವರ್ಕ್ ಇದೆ, 5 ಕೋಟಿ ದಾಟಿದೆ. ನಿನ್ನೆ ಪ್ಲೇಟಿಂಗ್ ವಾಪಸಾತಿ ಬಗ್ಗೆ ಕೇಳಿದ್ದಾರೆ.” ಫೋನ್ ಎತ್ತಿದ ಕೂಡಲೇ ಮೊದಲ ಮಾತು ಏನಾಡಬೇಕು ಅಂತಲೂ ಅದರಲ್ಲೇ ಸಿಗುತ್ತದೆ.

ಲೆಕ್ಕ ಸರಿಯಾ ಅಂತ ತಿಳಿಯುವುದು ಸ್ವಲ್ಪ ಸೂಕ್ಷ್ಮ. ನೀವು ಎಗಳಿಗೆ ಮಾತ್ರ ಫೋನ್ ಮಾಡಿದರೆ ಎಗಳೇ ಕೊಳ್ಳುತ್ತಾರೆ. ಅಂಕ ಸುಳ್ಳಾಗಿದ್ದರೂ ನಿಜದಂತೆ ಕಾಣುತ್ತದೆ. ಅದಕ್ಕೆ ವಾರಕ್ಕೆ ಹತ್ತು ಸಿಗಳನ್ನು `RAND()` ಇಂದಲೇ ಆರಿಸಿ, ಅವಕ್ಕೂ ಎಗೆ ಮಾಡಿದಷ್ಟೇ ಬೇಗ ಫೋನ್ ಮಾಡಿಸಿ. ಸಿ ಅಂತ ಹುಡುಗರಿಗೆ ಹೇಳಬೇಡಿ, ದನಿಯಲ್ಲಿ ಗೊತ್ತಾಗುತ್ತದೆ. ಎನ್‌ಕ್ವೈರಿ ಬಂದ ದಿನದ ಅಂಕವನ್ನು ಬೇರೆ ಕಾಲಂನಲ್ಲಿ ನಕಲು ಮಾಡಿ ಹಾಗೇ ಬಿಡಿ. ಇಲ್ಲವಾದರೆ ಡೆಮೊ ನೋಡಿದ್ದಕ್ಕೆ, ಪ್ರಶ್ನೆ ಕೇಳಿದ್ದಕ್ಕೆ ಅಂಕ ಏರಿ, ಕೊಂಡವರೆಲ್ಲಾ ಮೊದಲಿಂದಲೂ ಎ ಆಗಿದ್ದರು ಅನ್ನಿಸುತ್ತದೆ.

ಮೂರು ತಿಂಗಳಾದ ಮೇಲೆ ಹೋಲಿಸಿ. ಸೇಲ್ ಎಣಿಸಬೇಡಿ, ಅಷ್ಟರಲ್ಲಿ 15 ಆಗಿದ್ದರೆ ಹೆಚ್ಚು. ಡೆಮೊಗೆ ಕೂತವರನ್ನು ಎಣಿಸಿ. ಬಿಸಿಯಾದ ಎಗಳಲ್ಲಿ ನೂರಕ್ಕೆ 30 ಜನ ಕೂತು, ಸಿಗಳಲ್ಲಿ 8 ಜನ ಕೂತಿದ್ದರೆ ಲೆಕ್ಕ ಕೆಲಸ ಮಾಡುತ್ತಿದೆ. 30 ಮತ್ತು 25 ಬಂದರೆ ನಿಮ್ಮ ಗುಣಗಳಲ್ಲೇ ಹುಳುಕಿದೆ, ಭಾಗಾಕಾರಕ್ಕೆ ವಾಪಸ್ ಹೋಗಿ. ಸಿಗಳಲ್ಲಿ ಒಂದೇ ಥರದವರು ಮತ್ತೆ ಮತ್ತೆ ಡೆಮೊಗೆ ಕೂರುತ್ತಿದ್ದರೆ ಅವರ ಹೆಸರು ಬರೆದಿಡಿ. ನಿಮಗೆ ಗೊತ್ತಿಲ್ಲದ ಒಂದು ಮಾರುಕಟ್ಟೆ ಅಲ್ಲಿರಬಹುದು.

ಸಿಆರ್‌ಎಂ ಬಗ್ಗೆ: ತಾನೇ ಕಲಿತು ಅಂಕ ಕೊಡುವ ದುಬಾರಿ ಸಾಫ್ಟ್‌ವೇರ್‌ಗೆ ಕಲಿಯಲು ದಾಖಲೆ ಬೇಕು. ವರ್ಷಕ್ಕೆ 60 ಸೇಲ್ ಅದಕ್ಕೆ ತುಂಬಾ ಕಡಿಮೆ. ಸದ್ಯಕ್ಕೆ ಈ ಶೀಟ್ ಸಾಕು. ಫೋನ್ ಮಾಡಿದ್ದು, ಮಾಡದ್ದು ಮರೆತುಹೋಗುತ್ತಿದೆ ಅಂದರೆ ಅದಕ್ಕಾಗಿ ಸಣ್ಣದೊಂದು ಸಿಆರ್‌ಎಂ ತೆಗೆದುಕೊಳ್ಳಿ, ಅಂಕದ ಸಲುವಾಗಿ ಬೇಡ. ಆರು ತಿಂಗಳಿಗೊಮ್ಮೆ 60, 150ರ ಲೆಕ್ಕವನ್ನು ಹೊಸದಾಗಿ ಮಾಡಿ. ಬೆಲೆ ಏರಿಸಿದರೆ, ಅಥವಾ ವ್ಯಾಪಾರಿಗಳಿಗೂ ಒಗ್ಗುವ ಬಿಲ್ಲಿಂಗ್ ಭಾಗ ಸೇರಿಸಿದರೆ, ಆರು ತಿಂಗಳು ಕಾಯದೆ ಚಿಕ್ಕಪೇಟೆಯವರ ಆ ಮೈನಸ್ 3 ಅನ್ನು ಅವತ್ತೇ ಅಳಿಸಿ.